ಅಕ್ಷ ಬಿಡಿ, ಮೊದಲು ಪಟ್ಟಿ ಗೀಚಿ

ಒಂದು ಭಾಗವನ್ನು ಅಕ್ಷದ ಸುತ್ತ ತಿರುಗಿಸಿದಾಗ ಸಿಗುವ ಆಕಾರದ ಘನಫಲ ಹುಡುಕಲು ಕಲಿಯುವಾಗ ನನ್ನ ತಲೆಯಲ್ಲಿ ಒಂದೇ ಸೂತ್ರವಿತ್ತು: y-ಅಕ್ಷದ ಸುತ್ತ ತಿರುಗಿಸಿದರೆ dy, x-ಅಕ್ಷದ ಸುತ್ತವಾದರೆ dx. ಸುಮಾರು ಲೆಕ್ಕಗಳು ಅದರಲ್ಲೇ ಸಾಗಿದವು. ಕೊನೆಗೆ ಸಿಕ್ಕಿಹಾಕಿಕೊಂಡದ್ದು ಇಲ್ಲಿ: y = x − x³, x 0ಯಿಂದ 1ರವರೆಗೆ. ಈ ವಕ್ರರೇಖೆಗೂ x-ಅಕ್ಷಕ್ಕೂ ನಡುವಿನ ಭಾಗವನ್ನು y-ಅಕ್ಷದ ಸುತ್ತ ತಿರುಗಿಸಿ ಘನಫಲ ಹುಡುಕಬೇಕಿತ್ತು.

ಅಭ್ಯಾಸದಂತೆ ಅಡ್ಡಲಾಗಿ ಕತ್ತರಿಸಿದೆ. ಪ್ರತಿ ಹೋಳೂ ನಡುವೆ ತೂತಿರುವ ಬಿಲ್ಲೆ, ಅಂದರೆ ವಾಷರ್. ಹೊರಗಿನ ತ್ರಿಜ್ಯ ಒಂದು, ಒಳಗಿನದು ಇನ್ನೊಂದು. ಎರಡೂ ಬೇಕೆಂದರೆ x³ − x + y = 0 ಬಿಡಿಸಿ xಗೆ ಎರಡು ಬೆಲೆ ತೆಗೆಯಬೇಕು. ಘನ ಸಮೀಕರಣ! ಒಂದು ಪುಟ ಗೀಚಿ ಕೈಬಿಟ್ಟೆ.

ಆಮೇಲೆ ಚಿತ್ರವನ್ನೇ ಸುಮ್ನೆ ನೋಡುತ್ತಾ ಕೂತೆ. ನಿಂತ ಪಟ್ಟಿ ಎಳೆದರೆ ಅದರ ಎತ್ತರ x − x³. ಬಿಡಿಸುವುದಕ್ಕೇ ಏನೂ ಇಲ್ಲ, ಅಲ್ವಾ? ಆ ಪಟ್ಟಿ y-ಅಕ್ಷಕ್ಕೆ ಸಮಾಂತರವಾಗಿದೆ. ಸುತ್ತಿಸಿದರೆ ತೆಳು ಕೊಳವೆಯಾಗುತ್ತದೆ, ಅದೇ ಶೆಲ್. ಅದನ್ನು ಸೀಳಿ ಬಿಡಿಸಿದರೆ ಉದ್ದ 2πx, ಎತ್ತರ x − x³, ದಪ್ಪ dx ಇರುವ ಹಾಳೆ.

V = 2π∫₀¹ x(x − x³) dx = 2π(1/3 − 1/5) = 4π/15

ಎರಡೇ ಸಾಲು. ಉತ್ತರ ಸುಮಾರು 0.84. ನಂಬಬಹುದಾ ಎಂದು ನೋಡಲು ಇಡೀ ಆಕಾರವನ್ನು ಒಂದು ಸಿಲಿಂಡರಿನೊಳಗೆ ಕೂರಿಸಿದೆ. ರೇಖೆಯ ಗರಿಷ್ಠ ಎತ್ತರ x = 1/√3 ಇರುವಲ್ಲಿ, ಸುಮಾರು 0.385. ತ್ರಿಜ್ಯ 1. ಸಿಲಿಂಡರಿನ ಘನಫಲ ಸುಮಾರು 1.21. ನಮ್ಮದು ಅದರೊಳಗೆ ಹಿಡಿಸುತ್ತದೆ.

ಅಂದಿನಿಂದ ನಾನು ಅಕ್ಷವನ್ನು ಆಮೇಲೆ ನೋಡುತ್ತೇನೆ. ಮೊದಲು ಯಾವ ಪಟ್ಟಿಯ ಉದ್ದವನ್ನು ಏನೂ ಬಿಡಿಸದೆ ಬರೆಯಬಹುದು ಎಂದು ನೋಡುತ್ತೇನೆ. ಆ ಪಟ್ಟಿ ಅಕ್ಷಕ್ಕೆ ಸಮಾಂತರವಾಗಿದ್ದರೆ ಶೆಲ್, ಲಂಬವಾಗಿದ್ದರೆ ಡಿಸ್ಕ್ ಅಥವಾ ವಾಷರ್. ಇದೇ ಭಾಗವನ್ನು x-ಅಕ್ಷದ ಸುತ್ತ ತಿರುಗಿಸಿದರೆ ಪಟ್ಟಿ ಬದಲಾಗುವುದಿಲ್ಲ, ವಿಧಾನ ಬದಲಾಗುತ್ತದೆ. ಡಿಸ್ಕ್‌ನಲ್ಲಿ π∫₀¹ (x − x³)² dx = 8π/105. ಇಲ್ಲಿ ಶೆಲ್ ಹಿಡಿದು ಹೊರಟರೆ ಮತ್ತದೇ ಘನ ಸಮೀಕರಣದ ಬಾಗಿಲಿಗೆ ಹೋಗಿ ನಿಲ್ಲಬೇಕು. ಹಾಗಾಗಿ "y-ಅಕ್ಷ ಅಂದ್ರೆ ಶೆಲ್" ಅನ್ನುವ ಬಾಯಿಪಾಠವೂ ಬೇಡ. x = y − y³ ಎಂದು ಕೊಟ್ಟಿದ್ದರೆ y-ಅಕ್ಷದ ಸುತ್ತ ಡಿಸ್ಕೇ ಸುಲಭ.

ಶೆಲ್ ಕೈಹಿಡಿದ ಮೇಲೂ ಒಂದು ಕಡೆ ಎಡವಿದೆ. ಅದೇ ಭಾಗವನ್ನು x = 2 ಎಂಬ ಗೆರೆಯ ಸುತ್ತ ತಿರುಗಿಸಬೇಕಿತ್ತು. ಕೈ ತಾನಾಗಿ 2πx ಬರೆದುಬಿಟ್ಟಿತು, ಉತ್ತರ ಮತ್ತೆ 4π/15 ಬಂತು. ಅಕ್ಷ ದೂರ ಹೋದರೂ ಘನಫಲ ಅಷ್ಟೇ ಇದೆಯಲ್ಲ ಅನ್ನುವಾಗ ತಪ್ಪು ಕಣ್ಣಿಗೆ ಬಿತ್ತು. ತ್ರಿಜ್ಯ ಎಂದರೆ ಪಟ್ಟಿಯಿಂದ ಅಕ್ಷಕ್ಕಿರುವ ದೂರ. ಇಲ್ಲಿ ಅದು 2 − x. ಅದನ್ನು ಹಾಕಿದ ಮೇಲೆ 11π/15 ಬಂತು.