ಭರಣಿಯ ಲೆಕ್ಕ ವೆಬ್‌ಸೈಟಿಗೆ ಹತ್ತಿದ್ದು

ನಮ್ಮದು ಸಾಗರದ ಕಡೆ. ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವುದನ್ನು ಅತ್ತೆಯಿಂದ ಕಲಿತೆ. ಬೆಂಗಳೂರಿನ ನೆಂಟರ ಮೂಲಕ ಕೇಳುವವರು ಜಾಸ್ತಿಯಾದಾಗ ಮೊಮ್ಮಗ, "ಅಮ್ಮಮ್ಮ, ಒಂದು ವೆಬ್‌ಸೈಟ್ ಮಾಡೋಣ" ಎಂದ. ವರ್ಡ್‌ಪ್ರೆಸ್‌ನಲ್ಲಿ ವೂಕಾಮರ್ಸ್ ಹಾಕಿ ಅಂಗಡಿ ಕಟ್ಟಿದವನು ಅವನೇ. ಆ ಅಂಗಡಿಯಲ್ಲಿ ಏನಿರಬೇಕು, ಎಷ್ಟಿರಬೇಕು ಎಂದು ಹೇಳುವುದು ನನ್ನ ಕೆಲಸವಾಯಿತು.

ಅವನ ಮೊದಲ ಪ್ರಶ್ನೆ, "ಸ್ಟಾಕ್ ಎಷ್ಟು?" ಉಳಿದ ಸಾಮಾನಾದರೆ ಖಾಲಿಯಾದಾಗ ಮತ್ತೆ ತರಿಸಬಹುದು. ಅಪ್ಪೆಮಿಡಿ ಹಾಗಲ್ಲ. ಬೇಸಿಗೆಯ ಶುರುವಿನಲ್ಲಿ ಕೆಲವೇ ವಾರ ಸಿಗುತ್ತದೆ. ಗೊರಟೆ ಬಲಿಯುವ ಮೊದಲು, ತೊಟ್ಟು ಮುರಿಯದಂತೆ, ಮರ ಹತ್ತಿ ಕೈಯಲ್ಲೇ ಕೊಯ್ಯಬೇಕು. ತೊಟ್ಟು ಹೋದರೆ ಸೊನೆ ಹೋಯಿತು, ಸೊನೆಯ ಜೊತೆ ಪರಿಮಳವೂ ಹೋಯಿತು. ನೆಲಕ್ಕೆ ಬಿದ್ದ ಮಿಡಿ ಉಪ್ಪಿನಲ್ಲಿ ಮೆತ್ತಗಾಗಿಬಿಡುತ್ತದೆ. ನಾನು ನಾಲ್ಕು ಕೆಜಿ ಮಿಡಿಗೆ ಸುಮಾರು ಒಂದು ಕೆಜಿ ಹರಳುಪ್ಪು ಹಾಕುತ್ತೇನೆ. ಮಿಡಿ ಚೆನ್ನಾಗಿ ಸುಕ್ಕಾದ ಮೇಲೆ ಒಂದೊಂದನ್ನೂ ಬೆರಳಲ್ಲಿ ಒತ್ತಿ ನೋಡಿ, ಮೆತ್ತಗಿದ್ದದ್ದನ್ನು ತೆಗೆದುಬಿಡುತ್ತೇನೆ. ಈ ಆರಿಸುವ ಕೆಲಸ ಮುಗಿಯುವ ತನಕ ಎಷ್ಟು ಬಾಟಲಿ ಆಗುತ್ತದೆ ಎಂದು ಹೇಳಲು ಬರುವುದಿಲ್ಲ.

ಹಾಗಾಗಿ ನಮ್ಮ ಲೆಕ್ಕ ಹೀಗೆ. ಮಸಾಲೆ ಬೆರೆಸಿದ ಮೇಲೆ ಒಂದು ಭರಣಿಯಲ್ಲಿ 20 ಕೆಜಿ ಇದೆ ಎಂದುಕೊಳ್ಳಿ. ಅರ್ಧ ಕೆಜಿಯಂತೆ 40 ಬಾಟಲಿ ಆಗಬೇಕು. ಆದರೆ ತಳದಲ್ಲಿ ರಸವೇ ಹೆಚ್ಚು, ಮಿಡಿ ಕಡಿಮೆ. ಅದನ್ನು ದುಡ್ಡು ಕೊಟ್ಟವರಿಗೆ ಕಳಿಸಲು ನನಗೆ ಮನಸ್ಸಿಲ್ಲ. ಅದನ್ನು ಮನೆಗೆ ಉಳಿಸಿಕೊಂಡು, ಬದಲಿ ಕಳಿಸಲು ಎರಡು ಬಾಟಲಿ ಎತ್ತಿಟ್ಟು, ವೆಬ್‌ಸೈಟಿನಲ್ಲಿ 35 ಎಂದು ಹಾಕುತ್ತೇವೆ. ಮೊಮ್ಮಗ ಅಲ್ಲಿ, ಸ್ಟಾಕ್ ಮುಗಿದ ಮೇಲೂ ಆರ್ಡರ್ ತೆಗೆದುಕೊಳ್ಳಬೇಕೇ ಎಂದು ಕೇಳುವ "Allow backorders?" ಎಂಬಲ್ಲಿ "Do not allow" ಆರಿಸಿದ್ದಾನೆ. 35 ಮುಗಿದ ಕೂಡಲೇ ಪುಟವೇ ಖಾಲಿ ಎಂದು ತೋರಿಸುತ್ತದೆ. ಇಲ್ಲದ ಮಿಡಿಗೆ ಯಾರೂ ದುಡ್ಡು ಕಟ್ಟುವುದಿಲ್ಲ.

ಅಪ್ಪೆಮಿಡಿಯಲ್ಲೇ ಜೀರಿಗೆ ಮಿಡಿ, ಮಾಳಂಜಿ ಎಂಬ ಎರಡು ಜಾತಿಯನ್ನು ಬೇರೆ ಬೇರೆ ಹಾಕಿಸಿದ್ದೇನೆ. "ಎಲ್ಲ ಮಾವಿನಮಿಡಿ ಅಂತ ಒಂದೇ ಕಡೆ ಹಾಕಿದ್ರೆ ಸುಲಭ" ಎಂದ ಅವನು. ನಾನು ಒಪ್ಪಲಿಲ್ಲ. ಜೀರಿಗೆಯ ಪರಿಮಳ ಬೇಕೆಂದು ಕೇಳುವವರಿಗೆ ಬೇರೆ ಮಿಡಿ ಕಳಿಸಿದರೆ ಅದು ಸರಿಯಲ್ಲ, ಅಲ್ವಾ? ಒಂದೊಂದು ಜಾತಿಗೆ ಒಂದೊಂದು ಭರಣಿ, ಒಂದೊಂದು ಸ್ಟಾಕ್, ಒಂದೊಂದು ಬ್ಯಾಚ್ ನಂಬರ್. ಲೇಬಲ್ ಮೇಲೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರಿನ ಜೊತೆ ಬ್ಯಾಚ್ ನಂಬರೂ ಇರುತ್ತದೆ. ಯಾರಾದರೂ ದೂರು ಹೇಳಿದರೆ ಯಾವ ಭರಣಿ ಎಂದು ತಕ್ಷಣ ಗೊತ್ತಾಗುತ್ತದೆ.

ಹೆಚ್ಚು ತಲೆ ಕೆಡಿಸಿದ್ದು ಪಾರ್ಸೆಲ್. ಕೊರಿಯರ್‌ನವರು ತೂಕ ಮಾತ್ರ ನೋಡುವುದಿಲ್ಲ. ಡಬ್ಬದ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಅದು ಮತ್ತು ನಿಜವಾದ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. ಅರ್ಧ ಕೆಜಿ ಉಪ್ಪಿನಕಾಯಿ, ಗಾಜಿನ ಬಾಟಲಿ, ಪ್ಯಾಕಿಂಗ್ ಎಲ್ಲ ಸೇರಿ ಸುಮಾರು ಒಂದು ಕೆಜಿ. ಅದನ್ನು 25, 20, 20ರ ಡಬ್ಬದಲ್ಲಿಟ್ಟರೆ 10,000 ಭಾಗಿಸು 5000, ಅಂದರೆ ಎರಡು ಕೆಜಿಯ ದುಡ್ಡು. 20, 15, 15ರ ಡಬ್ಬಕ್ಕೆ 0.9 ಬರುತ್ತದೆ, ಒಂದು ಕೆಜಿಯ ದುಡ್ಡಿನಲ್ಲೇ ಮುಗಿಯುತ್ತದೆ. ಮೊಮ್ಮಗ ಈ ಲೆಕ್ಕ ತೋರಿಸಿದ ಮೇಲೆ ಸಣ್ಣ ಡಬ್ಬವನ್ನೇ ತರಿಸಿದೆವು. ವೆಬ್‌ಸೈಟಿನಲ್ಲೂ ಬಾಟಲಿಯ ತೂಕ ಎಂದು ಬರೆಯುವುದು ಪ್ಯಾಕ್ ಮಾಡಿದ ಒಂದು ಕೆಜಿ. ಅರ್ಧ ಕೆಜಿ ಎಂದು ಬರೆದರೆ ಸಾಗಣೆಯ ಉಳಿದ ದುಡ್ಡು ನಮ್ಮ ಕೈಯಿಂದ ಹೋಗುತ್ತದೆ.

ಇನ್ನು ಸೋರುವ ಸಮಸ್ಯೆ. ನಮ್ಮ ಮಿಡಿಗೆ ಎಣ್ಣೆ ಹಾಕುವುದಿಲ್ಲ, ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ಮಸಾಲೆ ರುಬ್ಬಿ ಬೆರೆಸುತ್ತೇವೆ. ಬೆರೆಸಿದ ಹೊಸದರಲ್ಲಿ ಸ್ವಲ್ಪ ಉಕ್ಕುತ್ತದೆ. ಆಗಲೇ ಬಾಟಲಿಗೆ ತುಂಬಿದರೆ ದಾರಿಯ ಬಿಸಿಲಿಗೆ ಗಾಳಿ ಕಟ್ಟಿ ಮುಚ್ಚಳ ಉಬ್ಬುತ್ತದೆ. ಅದಕ್ಕೆ ಭರಣಿಯಲ್ಲೇ ಉಕ್ಕು ಇಳಿಯುವ ತನಕ ಕಾಯುತ್ತೇನೆ. ಮುಚ್ಚಳ ತೆಗೆದಾಗ ಮೇಲೆ ಗುಳ್ಳೆ ಕಾಣದಿದ್ದರೆ ತುಂಬಬಹುದು. ಬಾಟಲಿಯ ಬಾಯಿಂದ ಒಂದು ಬೆರಳಷ್ಟು ಜಾಗ ಬಿಟ್ಟು ತುಂಬಿ, ಸೀಲ್ ಹಾಕಿ, ಪೇಪರಿನ ಮೇಲೆ ರಾತ್ರಿಯಿಡೀ ತಲೆಕೆಳಗಾಗಿ ನಿಲ್ಲಿಸುತ್ತೇನೆ. ಬೆಳಿಗ್ಗೆ ಪೇಪರ್ ಒಣಗಿದ್ದರೆ ಮಾತ್ರ ಆ ಬಾಟಲಿ ಡಬ್ಬಕ್ಕೆ ಹೋಗುತ್ತದೆ.

ಆನ್‌ಲೈನ್ ದುಡ್ಡು ಪಡೆಯುವ ಕಂಪನಿಯವರು ಮರುಪಾವತಿಯ ನಿಯಮ ಪುಟದಲ್ಲಿ ಇರಲೇಬೇಕು ಎಂದರು. ಮೊಮ್ಮಗ ಎಲ್ಲಿಂದಲೋ ಉದ್ದದ ಬರಹ ತಂದ. ನಾನು ಅದನ್ನು ತೆಗೆಸಿ ಇಷ್ಟೇ ಬರೆಸಿದೆ: ಬಾಟಲಿ ಒಡೆದಿದ್ದರೆ, ಸೋರಿದ್ದರೆ, ಫೋಟೋ ಕಳಿಸಿ, ಬೇರೆ ಬಾಟಲಿ ಕಳಿಸುತ್ತೇವೆ. ಅದೇ ಮಿಡಿ ಮುಗಿದಿದ್ದರೆ ದುಡ್ಡು ವಾಪಸ್. ಇದಕ್ಕಾಗಿಯೇ ಪ್ರತಿ ಭರಣಿಯಿಂದ ಎರಡು ಬಾಟಲಿಯನ್ನು ಆ 35ರ ಹೊರಗೆ ಎತ್ತಿಡುತ್ತೇನೆ.