ಒಂದು ಫೋಟೊ, ಒಂದು ಅಳತೆ: ಕರ್ಟನ್ ಬಟ್ಟೆಯ ಲೆಕ್ಕ

ಮನೆಯಲ್ಲೇ ಕರ್ಟನ್ ಹೊಲಿದುಕೊಡುವುದು ನನ್ನ ಕೆಲಸ. ಊರಲ್ಲೇ ಆದರೆ ಟೇಪು ಹಿಡಿದು ಹೋಗಿ ಅಳೆದು ಬರುತ್ತೇನೆ. ಈ ಸಲ ಮಾತ್ರ ಕೇಳಿದ್ದು ಗೆಳತಿಯ ಅಕ್ಕನ ಮಗಳು. ಅವಳು ಬೆಂಗಳೂರಲ್ಲಿ ಬಾಡಿಗೆ ಮನೆ ಹಿಡಿದಿದ್ದಳು, ನಾನು ಶಿವಮೊಗ್ಗದಲ್ಲಿ. ವಾಟ್ಸಾಪ್‌ನಲ್ಲಿ ಒಂದು ಫೋಟೊ ಬಂತು, ಜೊತೆಗೆ ಮೆಸೇಜು: "ಆಂಟಿ, ಕಿಟಕಿ 60 ಇಂಚು ಅಗಲ ಇದೆ. ರಾಡ್ ತುಂಬಾ ಮೇಲಿದೆ, ಕೈಗೆ ಸಿಗ್ತಿಲ್ಲ. ಎಷ್ಟು ಬಟ್ಟೆ ತಗೊಳ್ಳಲಿ?"

ಅವಳ ಹತ್ರ ಇದ್ದದ್ದು ಟೈಲರ್ ಟೇಪು. ಅದರ ಉದ್ದವೇ 60 ಇಂಚು. ಖಾಲಿ ಮನೆ, ಹತ್ತಿ ನಿಲ್ಲೋಕೆ ಒಂದು ಸ್ಟೂಲೂ ಇಲ್ಲ. ಪರದೆ ರಾಡಿನಿಂದ ನೆಲದವರೆಗೆ ಬರಬೇಕು ಅಂತ ಆಸೆ. ಹಾಗಾಗಿ ಎತ್ತರವನ್ನು ಫೋಟೊದಿಂದಲೇ ತೆಗೆಯಬೇಕಾಯಿತು.

ಮೊದಲು ಕೇಳಿದ್ದು, "60 ಇಂಚು ಎಲ್ಲಿಂದ ಎಲ್ಲಿಗೆ?" ಅಂತ. ಕಿಟಕಿಯ ಚೌಕಟ್ಟು ಸಾಮಾನ್ಯವಾಗಿ ಗೋಡೆಯೊಳಗೆ ನಾಲ್ಕೈದು ಇಂಚು ಹಿಂದೆ ಕೂತಿರುತ್ತೆ. ಹಿಂದಿರುವುದು ಫೋಟೊದಲ್ಲಿ ಚಿಕ್ಕದಾಗಿ ಕಾಣುತ್ತೆ. 10 ಅಡಿ ದೂರದಿಂದ ತೆಗೆದ ಫೋಟೊದಲ್ಲಿ 5 ಇಂಚು ಹಿಂದಿರುವ ಚೌಕಟ್ಟನ್ನು ಅಳತೆಗೋಲು ಮಾಡಿಕೊಂಡರೆ, ನೆಲದವರೆಗಿನ ಪರದೆಯಲ್ಲಿ ಮೂರೂವರೆ ಇಂಚು ಜಾಸ್ತಿ ಬಂದುಬಿಡುತ್ತೆ. ಅದೃಷ್ಟಕ್ಕೆ ಅವಳು ಗೋಡೆಯ ಅಂಚಿನಿಂದ ಅಂಚಿಗೇ ಅಳೆದಿದ್ದಳು. ಪರದೆ ಇಳಿಯುವುದೂ ಗೋಡೆಯ ಮುಂದೆಯೇ, ಹಾಗಾಗಿ ಆ ಅಳತೆ ನಡೆಯುತ್ತೆ.

ಫೋಟೊವನ್ನು ಕಂಪ್ಯೂಟರ್‌ನಲ್ಲಿ ಪೇಂಟ್‌ನಲ್ಲಿ ತೆರೆದೆ. ಮೌಸ್ ಇಟ್ಟಲ್ಲಿ ಕೆಳಗೆ ಪಿಕ್ಸೆಲ್ ಸಂಖ್ಯೆ ತೋರಿಸುತ್ತೆ. ಕಿಟಕಿಯ ಮೇಲಂಚು 1200 ಪಿಕ್ಸೆಲ್ ಇತ್ತು. ಅಂದರೆ ಇಂಚಿಗೆ 20. ರಾಡಿನಿಂದ ನೆಲಕ್ಕೆ 1660 ಪಿಕ್ಸೆಲ್, 20ರಿಂದ ಭಾಗಿಸಿದರೆ 83 ಇಂಚು. ಮುಗಿಯಿತಲ್ಲ ಅನ್ನಿಸಿತು. ಆದರೂ ಅಭ್ಯಾಸಬಲ, ಕಿಟಕಿಯ ಕೆಳಂಚನ್ನೂ ಅಳೆದೆ. 1140 ಬಂತು. ಒಂದೇ ಕಿಟಕಿ, ಮೇಲೆ 1200, ಕೆಳಗೆ 1140!

ಅಲ್ಲೇ ಗೊತ್ತಾಯಿತು, ಫೋನನ್ನು ಕೆಳಮುಖವಾಗಿ ಬಾಗಿಸಿ ಫೋಟೊ ತೆಗೆದಿದ್ದಾಳೆ. ನೆಲವೂ ಬರಲಿ ಅಂತ ಎಲ್ಲರೂ ಮಾಡುವುದು ಹಾಗೇ. ಬಾಗಿಸಿದಾಗ ಕೆಳಭಾಗ ಕುಗ್ಗುತ್ತಾ ಹೋಗುತ್ತೆ, ಎತ್ತರ ಕಮ್ಮಿ ಬರುತ್ತೆ. ಮೇಲಿನದಕ್ಕೂ ಕೆಳಗಿನದಕ್ಕೂ ಸರಾಸರಿ ಹಿಡಿದು 19.5ರಿಂದ ಭಾಗಿಸಿ ನೋಡಿದೆ, 85 ಬಂತು. ಯಾವುದನ್ನು ನಂಬೋದು? ಹಿಂದೊಮ್ಮೆ ಇಂಥದ್ದೇ ಫೋಟೊ ನಂಬಿ ಹೊಲಿದು, ಕೊನೆಗೆ ಕೆಳಗೆ ಬೇರೆ ಬಣ್ಣದ ಬಾರ್ಡರ್ ಕೂಡಿಸಿ ಮರ್ಯಾದೆ ಉಳಿಸಿಕೊಂಡಿದ್ದೆ. ಇನ್ನೊಂದು ಫೋಟೊ ಕೇಳಿದೆ.

ಭಾನುವಾರ ಅವಳು ಮತ್ತೆ ಹೋದಾಗ ಫೋನಲ್ಲೇ ಹೇಳಿಕೊಟ್ಟೆ. ಕಿಟಕಿಯ ನಡುವಿಗೆ ನೇರವಾಗಿ 10 ಅಡಿ ಹಿಂದೆ ನಿಲ್ಲು. ಫೋನನ್ನು ಎದೆಗಿಂತ ಸ್ವಲ್ಪ ಕೆಳಗೆ ಹಿಡಿ, ರಾಡಿಗೂ ನೆಲಕ್ಕೂ ಮಧ್ಯದಲ್ಲಿರಲಿ. ಗೋಡೆಗೆ ಸಮನಾಗಿ ನೆಟ್ಟಗಿರಲಿ, ಬಾಗಿಸಬೇಡ. 0.5 ಝೂಮ್ ಬೇಡ, ಅದರಲ್ಲಿ ಅಂಚುಗಳು ಎಳೆದಂತಾಗುತ್ತವೆ. ಇನ್ನೊಂದು ವಿಷಯ, ನೆಲದಿಂದ ಕಿಟಕಿಯ ಕಟ್ಟೆಯವರೆಗೆ ನಿನ್ನ ಟೇಪಿನಲ್ಲೇ ಅಳೆದು ಹೇಳು.

ಹೊಸ ಫೋಟೊದಲ್ಲಿ ಕಿಟಕಿ ಮೇಲೂ ಕೆಳಗೂ 1200. ನೆಲದಿಂದ ಕಟ್ಟೆಗೆ 640 ಪಿಕ್ಸೆಲ್, ಅಂದರೆ 32 ಇಂಚು. ಅವಳ ಟೇಪೂ 32 ಅಂದಿತು. ಅಗಲದಿಂದ ತೆಗೆದ ಲೆಕ್ಕ ಎತ್ತರಕ್ಕೂ ಹೊಂದಿದ ಮೇಲೆ ಧೈರ್ಯ ಬಂತು. ಈಗ ರಾಡ್. ಅದು ಗೋಡೆಯಿಂದ 3 ಇಂಚು ಮುಂದೆ ಇರುವುದರಿಂದ ನಿಜಕ್ಕಿಂತ ಸುಮಾರು ಒಂದು ಇಂಚು ಎತ್ತರದಲ್ಲಿ ಕಾಣುತ್ತೆ. ಅದಕ್ಕೇ ರಾಡನ್ನು ಬಿಟ್ಟು, ಗೋಡೆಗೆ ಅಂಟಿಕೊಂಡ ಬ್ರಾಕೆಟ್‌ನ ತಟ್ಟೆಯ ನಡುವಿನಿಂದ ಅಳೆದೆ. 1740 ಪಿಕ್ಸೆಲ್, 87 ಇಂಚು. ಮೊದಲ ಫೋಟೊ ನಂಬಿದ್ದರೆ 4 ಇಂಚು ಮೋಸ.

ರಾಡಿನ ಉದ್ದ ಇದೇ ಫೋಟೊದಲ್ಲಿ 78 ಇಂಚು ಬಂತು. ಇದೂ ಮುಂದಿರುವ ವಸ್ತು, ನಿಜವಾಗಿ 76 ಇರಬಹುದು. ನಾನು ತಲೆಕೆಡಿಸಿಕೊಳ್ಳಲಿಲ್ಲ. ಅಗಲದಲ್ಲಿ 2 ಇಂಚು ಆಚೀಚೆ ಆದರೆ ನೆರಿಗೆ ನುಂಗಿಕೊಳ್ಳುತ್ತೆ. ಉದ್ದದಲ್ಲಿ 2 ಇಂಚು ತಪ್ಪಿದರೆ ಬಾಗಿಲಲ್ಲಿ ನಿಂತವರಿಗೂ ಕಾಣುತ್ತೆ.

ನೆರಿಗೆಯ ಲೆಕ್ಕ ಯಾವಾಗಲೂ ರಾಡಿನ ಉದ್ದದ ಮೇಲೆ, ಕಿಟಕಿಯ ಅಗಲದ ಮೇಲಲ್ಲ. ಬಟ್ಟೆಯಲ್ಲೇ ರಿಂಗು ಕೂರಿಸಿ ರಾಡ್ ತೂರಿಸುವ ಐಲೆಟ್ ಕರ್ಟನ್‌ಗೆ ನಾನು ಎರಡರಷ್ಟು ಹಿಡಿಯುತ್ತೇನೆ. 78ರ ಎರಡರಷ್ಟು 156 ಇಂಚು. ಅವಳು ಮೆಚ್ಚಿದ ಕಾಟನ್ ಬಟ್ಟೆಯ ಪನ್ನ, ಅಂದರೆ ಅಗಲ, 48 ಇಂಚು. ಎರಡೂ ಪಕ್ಕದಲ್ಲಿ ಒಂದೂವರೆ ಇಂಚು ಮಡಿಚಿದರೆ ಒಂದು ಪರದೆಗೆ ಉಳಿಯುವುದು 45. 156ನ್ನು 45ರಿಂದ ಭಾಗಿಸಿದರೆ ಮೂರೂವರೆ. ಮೂರೇ ಪರದೆ ಹಾಕಿದರೆ ನೆರಿಗೆ ಒಂದೂ ಮುಕ್ಕಾಲರಷ್ಟು, ದಪ್ಪ ಬಟ್ಟೆಗೆ ಅದೂ ಸಾಕು. ಆದರೆ ಇವಳಿಗೆ ನಡುವಿನಿಂದ ಎರಡೂ ಕಡೆ ಸರಿಯಬೇಕು, ಆ ಕಡೆ ಎರಡು ಈ ಕಡೆ ಎರಡು. ನಾಲ್ಕು ಅಂತ ತೀರ್ಮಾನವಾಯಿತು.

ಈಗ ಒಂದು ಪರದೆಯ ಉದ್ದ. 87ರಲ್ಲಿ ನೆಲ ಒರೆಸೋಕೆ 1 ಇಂಚು ಬಿಟ್ಟೆ, 86. ಐಲೆಟ್‌ನಲ್ಲಿ ಪರದೆಯ ತಲೆ ರಾಡಿನ ಮೇಲೆ 2 ಇಂಚು ನಿಲ್ಲುತ್ತೆ, 88. ಇದು ಹೊಲಿದು ಮುಗಿದ ಉದ್ದ. ಮೇಲೆ ಬಕ್ರಂ ಅನ್ನುವ ಗಟ್ಟಿ ಪಟ್ಟಿ ಸುತ್ತಿ ಮಡಿಚಲು 5, ಕೆಳಗೆ 3 ಇಂಚಿನ ಎರಡು ಮಡಿಕೆಗೆ 6, ಒಟ್ಟು 99. ಕಾಟನ್ ನೀರಿಗೆ ಬಿದ್ದರೆ ಕುಗ್ಗುತ್ತೆ ಅಂತ ಇನ್ನೊಂದು 3 ಸೇರಿಸಿದೆ. 102.

ಆಮೇಲೆ ಬಟ್ಟೆಯ ಫೋಟೊ ನೋಡಿದೆ. ದೊಡ್ಡ ದೊಡ್ಡ ಎಲೆಯ ಪ್ರಿಂಟು. ಅಂಗಡಿಯವರನ್ನು ಕೇಳಿಸಿದರೆ, ಅದೇ ಎಲೆ ಮತ್ತೆ ಬರುವುದು 25 ಇಂಚಿಗೊಮ್ಮೆ. ನಾಲ್ಕೂ ಪರದೆಯಲ್ಲಿ ಎಲೆಗಳು ಒಂದೇ ಸಾಲಿನಲ್ಲಿ ಬರಬೇಕಾದರೆ ಪ್ರತಿ ತುಂಡೂ ಎಲೆಯ ಒಂದೇ ಜಾಗದಿಂದ ಶುರುವಾಗಬೇಕು. ನಾಲ್ಕು ಸಲ 25 ಅಂದರೆ 100. ನನಗೆ ಬೇಕಿರುವುದು 102. ಆ 2 ಇಂಚಿಗಾಗಿ ಮುಂದಿನ ತುಂಡು 125ಕ್ಕೆ ಶುರುವಾಗಬೇಕು, ನಡುವಿನ 23 ಇಂಚು ವೇಸ್ಟು! ಹಾಗೆ ಕತ್ತರಿಸಿದರೆ ಒಟ್ಟು 477 ಇಂಚು, 12 ಮೀಟರಿಗೂ ಜಾಸ್ತಿ.

ಕೆಳಗಿನ ಮಡಿಕೆಯನ್ನು 3ರ ಬದಲು 2 ಇಂಚಿನದು ಮಾಡಿದೆ. 6 ಹೋಗಿ 4 ಆಯಿತು, ತುಂಡು ಸರಿಯಾಗಿ 100ಕ್ಕೆ ನಿಂತಿತು. ನಾಲ್ಕಕ್ಕೆ 400 ಇಂಚು, 10.16 ಮೀಟರ್. ಅಂಗಡಿಯಲ್ಲಿ ಬಟ್ಟೆ ಓರೆಯಾಗಿ ಕತ್ತರಿಸುವುದುಂಟು, ಅದಕ್ಕೆ 10.5 ಮೀಟರ್ ತಗೋ ಅಂದೆ. ಎರಡು ಇಂಚಿನ ಮಡಿಕೆ ನನಗೆ ಅಷ್ಟು ಇಷ್ಟವಿಲ್ಲ, ಪರದೆಯ ಬುಡಕ್ಕೆ ತೂಕ ಇದ್ದರೆ ಚೆನ್ನಾಗಿ ಇಳಿಯುತ್ತೆ. ಆದರೆ ಸುಮಾರು 2 ಮೀಟರ್ ಬಟ್ಟೆಯ ಮುಂದೆ ಅದು ದೊಡ್ಡದಲ್ಲ.

ಬಟ್ಟೆ ಬಂದ ದಿನ ನಾಲ್ಕು ತುಂಡು ಕತ್ತರಿಸಿ, ರಾತ್ರಿ ನೆನೆಸಿ, ನೆರಳಲ್ಲಿ ಒಣಗಿಸಿದೆ. ಮತ್ತೆ ಅಳೆದಾಗ 97 ಚಿಲ್ಲರೆ ಇತ್ತು. ನನಗೆ ಬೇಕಿದ್ದದ್ದು 88ಕ್ಕೆ 5 ಮತ್ತು 4 ಸೇರಿ 97.

ಹಾಕಿದ ಮೇಲೆ ಅವಳು ಫೋಟೊ ಕಳಿಸಿದಳು. ಎಡಗಡೆ ನೆಲದಿಂದ 1 ಇಂಚು ಮೇಲಿದೆ, ಬಲಗಡೆ ಒಂದೂವರೆ. ಪೇಂಟ್‌ನಲ್ಲಿ ತೆರೆದು ನೋಡಿದೆ. ಪರದೆಗಳೆಲ್ಲ ಒಂದೇ ಉದ್ದ, ರಾಡೇ ಬಲಕ್ಕೆ ಅರ್ಧ ಇಂಚು ಏರಿತ್ತು. ನಾನು ಅಳೆದದ್ದು ಎಡಗಡೆಯ ಬ್ರಾಕೆಟ್ ಒಂದನ್ನೇ.