ಸೈನ್ ಚಾರ್ಟ್ ಬರೆದರೂ ಎರಡೂವರೆ ಅಂಕ ಹೋದದ್ದು ಯಾಕೆ

ಸಪ್ತಾಪುರ, ಧಾರವಾಡ

ಅಮ್ಮಾವರಿಗೆ ನಮಸ್ಕಾರ.

ಮಗಳ ಉತ್ತರಪತ್ರಿಕೆ ನೋಡಿ ನೀವು ಕೇಳಿದ್ದು ನ್ಯಾಯವಾದ ಮಾತು. ಡೆರಿವೇಟಿವ್ ಸರಿ ಇದೆ, ಗೆರೆ ಎಳೆದು ಪ್ಲಸ್ ಮೈನಸ್ ಹಾಕಿ ಸೈನ್ ಚಾರ್ಟ್ ಬರೆದಿದ್ದಾಳೆ, ಆದರೂ ಐದಕ್ಕೆ ಎರಡೂವರೆ ಯಾಕೆ ಅಂತ. ಆ ಒಂದೇ ಲೆಕ್ಕವನ್ನು ನಾನು ಹೇಗೆ ತಿದ್ದಿದೆ ಎಂದು ಬಿಡಿಸಿ ಬರೆಯುತ್ತೇನೆ.

ಪ್ರಶ್ನೆ ಇದು: f(x) = 3x⁴ − 4x³ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ, ಅದರ ಸ್ಥಳೀಯ ಗರಿಷ್ಠ, ಕನಿಷ್ಠ ಎಲ್ಲಿವೆ? ಅವಳು ಡೆರಿವೇಟಿವ್ f′(x) = 12x³ − 12x² = 12x²(x − 1) ಎಂದು ಬರೆದಳು. ಅದಕ್ಕೆ ಒಂದು ಅಂಕ. ಅದು ಸೊನ್ನೆಯಾಗುವ ಜಾಗ x = 0 ಮತ್ತು x = 1 ಎಂದಳು. ಅದಕ್ಕೆ ಇನ್ನೊಂದು. ಇಲ್ಲಿಯವರೆಗೆ ಅಕ್ಷರವೂ ತಪ್ಪಿಲ್ಲ.

f′ ಪ್ಲಸ್ ಇದ್ದಲ್ಲಿ f ಏರುತ್ತದೆ, ಮೈನಸ್ ಇದ್ದಲ್ಲಿ ಇಳಿಯುತ್ತದೆ, ಅದಕ್ಕೇ f′ ನ ಚಿಹ್ನೆ ನೋಡುವುದು. ಆಮೇಲೆ ಅವಳು ಗೆರೆ ಎಳೆದು 0, 1 ಗುರುತು ಮಾಡಿ, ಬಲಗಡೆಯಿಂದ ಪ್ಲಸ್, ಮೈನಸ್, ಪ್ಲಸ್ ಎಂದು ತುಂಬಿದಳು. ಕೇಳಿದರೆ, "ಸರ್, ಚಿಹ್ನೆ ಒಂದ್ ಬಿಟ್ಟ್ ಒಂದ್ ಬರ್ತಾವಲ್ರೀ" ಅಂದಳು. ಈ ಅಭ್ಯಾಸ ಬಂದದ್ದು ನಮ್ಮ ಪಾಠದಿಂದಲೇ. 2x³ − 3x² − 36x + 7 ತರಹದ ಲೆಕ್ಕಗಳಲ್ಲಿ ಡೆರಿವೇಟಿವ್ 6(x − 3)(x + 2) ಬರುತ್ತದೆ. ಅಲ್ಲಿ ಚಿಹ್ನೆ ಬದಲಾಗುತ್ತಲೇ ಹೋಗುತ್ತದೆ. ಮಕ್ಕಳು ಅದನ್ನೇ ನಿಯಮ ಮಾಡಿಕೊಳ್ಳುತ್ತಾರೆ.

ಇಲ್ಲಿ x ಮೇಲೆ ವರ್ಗ ಇದೆ. x ಸೊನ್ನೆಯನ್ನು ದಾಟಿ ಮೈನಸ್ ಕಡೆ ಹೋದರೂ x² ಮೈನಸ್ ಆಗುವುದಿಲ್ಲ, ಮೈನಸ್ಸನ್ನು ಮೈನಸ್ಸಿನಿಂದ ಗುಣಿಸಿದರೆ ಪ್ಲಸ್ಸೇ. ಹಾಗಾಗಿ 0 ದಾಟುವಾಗ ಚಿಹ್ನೆ ಬದಲಾಗುವ ಪ್ರಶ್ನೆಯೇ ಇಲ್ಲ. ಬದಲಾಯಿಸುವುದು (x − 1) ಒಂದೇ. ಘಾತ ಬೆಸವಾದರೆ ಚಿಹ್ನೆ ತಿರುಗುತ್ತದೆ, ಸಮವಾದರೆ ಹಾಗೇ ಉಳಿಯುತ್ತದೆ.

ಇದನ್ನು ಬಾಯಿಪಾಠ ಮಾಡಬೇಕಾಗಿಯೂ ಇಲ್ಲ. ಪ್ರತಿ ಭಾಗದಿಂದ ಒಂದೊಂದು ಸಂಖ್ಯೆ ತೆಗೆದು f′ ನಲ್ಲಿ ಹಾಕಿದರೆ ಮುಗಿಯಿತು:

x = −1 → 12 · 1 · (−2) = −24
x = 1/2 → 12 · 1/4 · (−1/2) = −3/2
x = 2 → 12 · 4 · 1 = 48

ಅಂದರೆ ಎಡದಿಂದ ಮೈನಸ್, ಮೈನಸ್, ಪ್ಲಸ್. ಈ ಮೂರು ಸಾಲು ಅವಳ ಪತ್ರಿಕೆಯಲ್ಲಿ ಇರಲಿಲ್ಲ. ಬರೆದಿದ್ದರೆ ಮೊದಲ ಸಾಲಿನಲ್ಲೇ ತಪ್ಪು ಕಣ್ಣಿಗೆ ಬೀಳುತ್ತಿತ್ತು. ಚಿಹ್ನೆಗಳಿಗೆ ಇಟ್ಟಿದ್ದ ಒಂದು ಅಂಕ ಹೋದದ್ದು ಹೀಗೆ.

ಇನ್ನೊಂದು ಅಂಕ ಹೋದದ್ದರ ಬಗ್ಗೆ ನಿಮಗೆ ಹೆಚ್ಚು ಬೇಜಾರು ಆಗಬಹುದು. ಚಾರ್ಟ್ ತಪ್ಪಾದರೂ ಅದರ ಮೇಲೆ ತೆಗೆದ ತೀರ್ಮಾನ ಹೊಂದಿಕೊಂಡಿದ್ದರೆ ನಾನು ಸಾಮಾನ್ಯವಾಗಿ ಅಂಕ ಕೊಡುತ್ತೇನೆ. ಆದರೆ ಅವಳ ಗೆರೆಯ ಪಕ್ಕ f ಅಂತಲೂ ಇಲ್ಲ, f′ ಅಂತಲೂ ಇಲ್ಲ. ಆ ಪ್ಲಸ್ ಯಾವುದರದ್ದು? f ನ ಬೆಲೆ ಪ್ಲಸ್ ಇರುವುದಕ್ಕೂ f ಏರುವುದಕ್ಕೂ ಸಂಬಂಧವಿಲ್ಲ. x = −1 ರಲ್ಲಿ f ನ ಬೆಲೆ 7, ಪ್ಲಸ್ಸೇ, ಆದರೆ ಅಲ್ಲಿ f ಇಳಿಯುತ್ತಿದೆ. ಚಾರ್ಟ್ ಬರೀ ಕಚ್ಚಾ ಟಿಪ್ಪಣಿ, ಕಾರಣ ವಾಕ್ಯದಲ್ಲೇ ಬರಬೇಕು: "x > 1 ಇದ್ದಾಗ f′(x) > 0, ಆದ್ದರಿಂದ (1, ∞) ನಲ್ಲಿ f ಏರುತ್ತದೆ." ಇಳಿಕೆಗೆ (−∞, 0) ಮತ್ತು (0, 1) ಎಂದು ಬರೆದರೂ ಸರಿ, (−∞, 1) ಎಂದು ಒಟ್ಟಿಗೆ ಬರೆದರೂ ಸರಿ. ನಡುವೆ 0 ಹತ್ತಿರ ಇಳಿಜಾರು ಒಂದು ಕ್ಷಣ ಸಮತಟ್ಟಾಗುತ್ತದೆ, ಇಳಿಕೆ ನಿಲ್ಲುವುದಿಲ್ಲ.

ಕೊನೆಯ ಅಂಕ ಗರಿಷ್ಠ–ಕನಿಷ್ಠಕ್ಕೆ. x = 1 ರಲ್ಲಿ ಕನಿಷ್ಠ, ಬೆಲೆ −1 ಎಂದು ಬರೆದದ್ದು ಸರಿ, ಅರ್ಧ ಕೊಟ್ಟೆ. x = 0 ರಲ್ಲಿ ಗರಿಷ್ಠ ಎಂದದ್ದು ತಪ್ಪು. f(−1) = 7, f(0) = 0, f(1) = −1. ಏಳರಿಂದ ಸೊನ್ನೆಗೆ, ಸೊನ್ನೆಯಿಂದ ಕೆಳಕ್ಕೆ ಬಂದದ್ದು ಗರಿಷ್ಠ ಹೇಗಾದೀತು? ನಾನು ಕೊಟ್ಟ ಅರ್ಧ ಅಂಕದ ಬಗ್ಗೆ ಬೇಕಾದರೆ ಬೇರೆ ಮೇಷ್ಟ್ರು ಜಗಳಾಡಬಹುದು, ಅದನ್ನೂ ಕೊಡಬಾರದಿತ್ತು ಅಂತ.

ಈ ವಾರ ಅವಳಿಗೆ ಎರಡು ಲೆಕ್ಕ ಕೊಟ್ಟಿದ್ದೇನೆ: f′(x) = x³(x − 2) ಮತ್ತು f′(x) = x(x − 2)². ಮೊದಲನೆಯದರಲ್ಲಿ ಎರಡೂ ಕಡೆ ಚಿಹ್ನೆ ತಿರುಗಬೇಕು, ಎರಡನೆಯದರಲ್ಲಿ 0 ಹತ್ತಿರ ಮಾತ್ರ. ಪುಸ್ತಕ ತೆಗೆದು ನೋಡುವಾಗ ಉತ್ತರ ಬಿಡಿ, ಗೆರೆಯ ಎಡಗಡೆ f′ ಎಂದು ಬರೆದಿದ್ದಾಳೋ, ಕೆಳಗೆ ಮೂರು ಬೆಲೆ ಹಾಕಿ ನೋಡಿದ್ದಾಳೋ, ಅಷ್ಟು ನೋಡಿದರೆ ಸಾಕ್ರೀ.

ಇಂತಿ,
ಗಣಿತ ಟ್ಯೂಷನ್ ಮೇಷ್ಟ್ರು